ಮೆಚ್ಚಿದ ಹುಡುಗ, ಮನೆಯವರು ತಂದ ಸಂಬಂಧ: ಕೂತು ಲೆಕ್ಕ ಹಾಕುವುದು ಹೇಗೆ

ತುಳಸಿ ಲಗ್ನ ಮುಗಿಯಿತೆಂದರೆ ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡದ ಕಡೆ ಮನೆಮನೆಯಲ್ಲೂ ಸಂಬಂಧದ ಮಾತು ಶುರುವಾಗುತ್ತದೆ. ಮಗಳ ಮನಸ್ಸು ಬೇರೆಲ್ಲೋ ಇದೆ ಎಂಬ ಸುಳಿವು ಸಿಕ್ಕ ಮನೆಯಲ್ಲಂತೂ ಇನ್ನೂ ಬೇಗ. ‘ಅವನ ಹತ್ರ ಏನೈತಿ? ಈ ಹುಡುಗನ್ನ ನೋಡು, ಹುಬ್ಬಳ್ಳ್ಯಾಗ ಸ್ವಂತ ಮನಿ, ಕಾರು, ಪರ್ಮನೆಂಟ್ ನೌಕರಿ. ಸೆಟಲ್ ಆಗ್ಯಾನ’ ಎನ್ನುತ್ತಾರೆ ಅಪ್ಪ. ಮಗಳು ಅಳುತ್ತಾಳೆ, ಊಟ ಬಿಡುತ್ತಾಳೆ, ಇಲ್ಲವೇ ‘ನನಗ ಅವನೇ ಬೇಕು’ ಎಂದು ಕೋಣೆಯ ಬಾಗಿಲು ಹಾಕಿಕೊಳ್ಳುತ್ತಾಳೆ. ಅಪ್ಪ ಎತ್ತಿದ್ದು ದುಡ್ಡಿನ ಪ್ರಶ್ನೆ, ಮಗಳು ಕೊಟ್ಟಿದ್ದು ಪ್ರೀತಿಯ ಉತ್ತರ. ಎರಡೂ ಒಂದಕ್ಕೊಂದು ತಾಕುವುದೇ ಇಲ್ಲ. ಹಾಗಾಗಿ ವಾದ ತಿಂಗಳುಗಟ್ಟಲೆ ಅಲ್ಲೇ ಸುತ್ತುತ್ತದೆ, ಅಷ್ಟರಲ್ಲಿ ನಿಶ್ಚಿತಾರ್ಥದ ದಿನ ಗೊತ್ತಾಗಿಬಿಡುತ್ತದೆ.

ದುಡ್ಡಿನ ಪ್ರಶ್ನೆಗೆ ಮೊದಲು ದುಡ್ಡಿನ ಉತ್ತರವನ್ನೇ ಹುಡುಕಬೇಕು. ಇಬ್ಬರ ಸ್ಥಿತಿಯನ್ನೂ ಒಂದೇ ಕಾಗದದ ಮೇಲೆ, ಒಂದೇ ಅಳತೆಯಲ್ಲಿ ಬರೆದು ನೋಡಬೇಕು. ಬರೆದಾಗ ಮೆಚ್ಚಿದ ಹುಡುಗನೇ ಗೆಲ್ಲುತ್ತಾನೆ ಎಂದಲ್ಲ. ಆದರೆ ಅಪ್ಪ-ಅವ್ವನಿಗೆ ನಿಜಕ್ಕೂ ಯಾವುದರ ಭಯ, ಅದರಲ್ಲಿ ಸರಿಪಡಿಸಬಹುದಾದದ್ದು ಎಷ್ಟು ಎಂಬುದು ಆಗ ಕಾಣುತ್ತದೆ.

ನಮ್ಮ ಕಡೆಯ ‘ಸೆಟಲ್’

ಈ ನಾಲ್ಕು ತಾಲ್ಲೂಕುಗಳ ದುಡಿಮೆಗೆ ತನ್ನದೇ ಗುಣವಿದೆ. ದಾಂಡೇಲಿಯಲ್ಲಿ ‘ಮಿಲ್ಲಿನಾಗ ಇದ್ದಾನ’ ಎಂದರೆ ಸಾಲದು. ಕಾಯಂ ನೌಕರನೋ ಗುತ್ತಿಗೆಯವನೋ ಎಂದು ಕೇಳಬೇಕು. ಒಂದೇ ಗೇಟಿನಿಂದ ಒಳಹೋಗುವ ಇಬ್ಬರ ಸಂಬಳ, ಸವಲತ್ತುಗಳು ಬೇರೆಬೇರೆ. ಪಿಎಫ್ ಪಾಸ್‌ಬುಕ್ ನೋಡಿದರೆ ಯಾವ ಮಾಲೀಕನ ಹೆಸರಲ್ಲಿ, ಎಷ್ಟು ವರ್ಷದಿಂದ, ತಪ್ಪದೆ ಹಣ ಜಮೆಯಾಗುತ್ತಿದೆಯೇ ಎಂಬುದು ಗೊತ್ತಾಗುತ್ತದೆ. ರೆಸಾರ್ಟ್, ಜೀಪು, ರಾಫ್ಟಿಂಗ್ ನಂಬಿದವರ ಆದಾಯಕ್ಕೆ ಋತುವಿದೆ. ಸೂಪಾದಿಂದ ನೀರು ಬಿಟ್ಟಾಗ ಕಾಳಿಯಲ್ಲಿ ದೋಣಿ ಇಳಿಯುತ್ತದೆ, ಮಳೆಗಾಲದಲ್ಲಿ ನಿಲ್ಲುತ್ತದೆ. ಅಂಥ ಹುಡುಗನನ್ನು ‘ತಿಂಗಳಿಗೆ ಎಷ್ಟು?’ ಎಂದು ಕೇಳಿದರೆ ಬರುವ ಉತ್ತರ ಅರ್ಧ ಸುಳ್ಳೇ ಆಗಿರುತ್ತದೆ. ಅವನು ಬೇಕೆಂದು ಹೇಳುವ ಸುಳ್ಳಲ್ಲ ಅದು, ಪ್ರಶ್ನೆಯೇ ಹಾಗಿದೆ. ವರ್ಷಕ್ಕೆ ಎಷ್ಟು ಎಂದು ಕೇಳಿ ಹನ್ನೆರಡರಿಂದ ಭಾಗಿಸಬೇಕು.

ಜಮೀನಿನ ಮಾತಿಗೆ ಇನ್ನಷ್ಟು ಎಚ್ಚರ ಬೇಕು. ‘ಹತ್ತು ಎಕರೆ ಅದ’ ಎಂದು ಮಧ್ಯಸ್ಥಗಾರ ಹೇಳಿದರೆ ಪಹಣಿ ತೆಗೆಸಿ. ಯಾರದೇ ಜಮೀನಿನ ಪಹಣಿಯನ್ನು ಸರ್ವೆ ನಂಬರ್ ಗೊತ್ತಿದ್ದವರು ಯಾರೂ ತೆಗೆಸಬಹುದು, ಅದರಲ್ಲಿ ಅವಮಾನವೇನಿಲ್ಲ. ಮಾಲೀಕರ ಹೆಸರಿರುವ 9ನೇ ಕಾಲಂನಲ್ಲಿ ಐದು ಜನರ ಜಂಟಿ ಹೆಸರಿದ್ದರೆ, ಹುಡುಗನ ಪಾಲಿಗೆ ಬರುವುದು ಎಷ್ಟು ಎಂಬ ಲೆಕ್ಕವೇ ಬೇರೆ. 11ನೇ ಕಾಲಂನಲ್ಲಿ ಬ್ಯಾಂಕಿನ, ಸೊಸೈಟಿಯ ಸಾಲದ ಬೋಜಾ ಕಾಣುತ್ತದೆ. ಪಹಣಿಯಲ್ಲಿ ಯಾರ ಹೆಸರೂ ಇಲ್ಲದೆ ‘ಅರಣ್ಯ’ ಎಂದೇ ಇದ್ದರೆ ಅದು ಅತಿಕ್ರಮಣದ ಸಾಗುವಳಿ. ಜೋಯಿಡಾದ ಕುಣಬಿ ಮನೆಗಳಿಂದ ಹಿಡಿದು ಮುಂಡಗೋಡದ ಗೌಳಿ ದೊಡ್ಡಿಗಳವರೆಗೆ ಈ ಸಂಕಟ ಎಲ್ಲರಿಗೂ ಗೊತ್ತು. ಆ ಭೂಮಿ ಉಣ್ಣಲು ಕೊಡುತ್ತದೆ, ಬ್ಯಾಂಕಿನ ಸಾಲ ಕೊಡಿಸುವುದಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಹಕ್ಕುಪತ್ರ ಸಿಕ್ಕಿದ್ದರೆ ಅದನ್ನು ಮಾರಲು ಬರುವುದಿಲ್ಲ, ಆದರೆ ಮಕ್ಕಳಿಗೆ ಹೋಗುತ್ತದೆ. ಮದುವೆಯಾದವರಿಗಾದರೆ ಗಂಡ-ಹೆಂಡತಿ ಇಬ್ಬರ ಹೆಸರಲ್ಲೂ ಜಂಟಿಯಾಗಿ ದಾಖಲಾಗಬೇಕು ಎಂದು ಅದೇ ಕಾಯ್ದೆ ಹೇಳುತ್ತದೆ. ಹೆಣ್ಣಿನ ಹೆಸರನ್ನು ಇಷ್ಟು ಸ್ಪಷ್ಟವಾಗಿ ಸೇರಿಸಿದ ಭೂಮಿಯ ಕಾಗದ ಹೆಚ್ಚಿಲ್ಲ. ಹುಡುಗನ ಮನೆಯವರು ಅರ್ಜಿ ಹಾಕಿದ್ದಾರೆಯೇ, ಅದು ಯಾವ ಹಂತದಲ್ಲಿದೆ ಎಂದು ಕೇಳುವುದು ಈ ಕಡೆಯ ಹುಡುಗಿಯರು ಕಲಿಯಬೇಕಾದ ಪ್ರಶ್ನೆ.

ಒಂದು ಕಾಗದ, ಇಬ್ಬರು ಹುಡುಗರು

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಅಂಕಿಗಳು ನನ್ನವು, ಓದುಗರು ತಮ್ಮ ಮನೆಯ ಅಂಕಿ ಹಾಕಿಕೊಳ್ಳಲಿ. ಹಳಿಯಾಳದ ಹುಡುಗಿ, ಖಾಸಗಿ ಆಸ್ಪತ್ರೆಯಲ್ಲಿ ನರ್ಸ್, ಸಂಬಳ 14,000. ಮೆಚ್ಚಿದವನು ಜೋಯಿಡಾ ಕಡೆಯವನು, ಗಣೇಶಗುಡಿಯಲ್ಲಿ ರಾಫ್ಟಿಂಗ್ ಗೈಡ್. ಸೀಸನ್ನಿನ ಎಂಟು ತಿಂಗಳು 18,000, ಮಳೆಗಾಲದ ನಾಲ್ಕು ತಿಂಗಳು ಸಿಕ್ಕ ಕೂಲಿಯಿಂದ 8,000. ಸ್ವಂತ ಮನೆ, ಬಾಡಿಗೆಯಿಲ್ಲ. ಅವನ ತಾಯಿಯ ಹೆಸರಲ್ಲಿ ಸಂಘದ ಸಾಲ, ವಾರಕ್ಕೆ 1,500 ಕಂತು. ಮನೆಯವರು ತಂದ ಸಂಬಂಧ ಹುಬ್ಬಳ್ಳಿಯದು. ಕಾಯಂ ನೌಕರಿ, ಕೈಗೆ ಬರುವ ಸಂಬಳ 60,000, ಹೊಸ ಮನೆ, ಹೊಸ ಕಾರು.

ಮೊದಲು ಹುಬ್ಬಳ್ಳಿಯ ಹುಡುಗ. ಮನೆಗೆ 30 ಲಕ್ಷ ಸಾಲ, ಶೇ. 9ರ ಬಡ್ಡಿ, 20 ವರ್ಷ ಎಂದರೆ ತಿಂಗಳ ಕಂತು ಸುಮಾರು 27,000. ಕಾರಿಗೆ 8 ಲಕ್ಷ, ಶೇ. 10ರಂತೆ 5 ವರ್ಷಕ್ಕೆ ಕಂತು 17,000. ಉಳಿಯುವುದು 16,000, ಅದರಲ್ಲೇ ಅವನ ತಂದೆ-ತಾಯಿಯ ಔಷಧಿಯೂ ನಡೆಯಬೇಕು. ಮನೆ ಇದೆ, ಕಾರು ಇದೆ, ಕೈಯಲ್ಲಿ ಹಣ ಕಡಿಮೆ. ಆದರೂ ಈ ಕಡೆ ಒಂದು ಬಲವಿದೆ, ಅದನ್ನು ಮುಚ್ಚಿಡಬಾರದು. ಸಂಬಳ ತಪ್ಪುವುದಿಲ್ಲ, ವರ್ಷವರ್ಷ ಏರುತ್ತದೆ, ಐದು ವರ್ಷಕ್ಕೆ ಕಾರಿನ ಕಂತು ಮುಗಿಯುತ್ತದೆ.

ಇನ್ನು ಗಣೇಶಗುಡಿಯ ಹುಡುಗ. ವರ್ಷಕ್ಕೆ 1,76,000, ತಿಂಗಳಿಗೆ ಸುಮಾರು 14,700. ಹುಡುಗಿಯ ಸಂಬಳ ಸೇರಿದರೆ 28,700. ಸಂಘದ ಕಂತು ತಿಂಗಳಿಗೆ 6,500 ಕಳೆದರೆ 22,000 ಚಿಲ್ಲರೆ ಉಳಿಯುತ್ತದೆ. ಕೇಳಲು ಇದು ಹುಬ್ಬಳ್ಳಿಯ 16,000ಕ್ಕಿಂತ ಹೆಚ್ಚು. ಇಲ್ಲಿಗೇ ನಿಲ್ಲಿಸಿ ಅಪ್ಪನ ಮುಂದೆ ಹಿಡಿದರೆ ಮೋಸವಾಗುತ್ತದೆ, ಏಕೆಂದರೆ ಇಲ್ಲಿ ಹುಡುಗಿಯ ಸಂಬಳ ಸೇರಿದೆ, ಅಲ್ಲಿ ಸೇರಿಲ್ಲ. ಅವಳು ಬಸುರಿಯಾಗಿ ಕೆಲಸ ಬಿಟ್ಟ ವರ್ಷದ ಜುಲೈ ತಿಂಗಳನ್ನು ಬರೆದು ನೋಡಿ. ಬರುವುದು 8,000, ಸಂಘಕ್ಕೆ 6,500, ಕೈಯಲ್ಲಿ 1,500. ಅವ್ವ ಬಾಯಿಬಿಟ್ಟು ಹೇಳದ ಭಯ ಇದೇ. ‘ಅವನ ಹತ್ರ ಏನೈತಿ’ ಎನ್ನುವಾಗ ಅವಳ ಕಣ್ಣಿಗೆ ಕಾಣುವುದು ಮಳೆಗಾಲದ ಆ ತಿಂಗಳು.

ಭಯ ಎಲ್ಲಿದೆ ಎಂದು ಗೊತ್ತಾದ ಮೇಲೆ ಅದಕ್ಕೆ ಮದ್ದು ಹುಡುಕಬಹುದು. ಮೊದಲನೆಯದು ಕೆಲಸ ಬಿಡದಿರುವುದು. ಹತ್ತು ಅಥವಾ ಹೆಚ್ಚು ಜನ ದುಡಿಯುವ ಆಸ್ಪತ್ರೆ, ಅಂಗಡಿ, ಕಚೇರಿಯಲ್ಲಿ ಹೆರಿಗೆಗೆ ಮುಂಚಿನ ವರ್ಷದಲ್ಲಿ 80 ದಿನ ಕೆಲಸ ಮಾಡಿದ್ದರೆ, ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳ ಸಹಿತ ರಜೆ ಕಾನೂನಿನ ಹಕ್ಕು. ಅನೇಕ ಖಾಸಗಿ ಕಡೆ ಇದನ್ನು ತಾವಾಗಿ ಹೇಳುವುದಿಲ್ಲ. ನೇಮಕಾತಿ ಪತ್ರ, ಹಾಜರಿ, ಸಂಬಳದ ದಾಖಲೆ ಇಟ್ಟುಕೊಂಡವರಿಗೆ ಕೇಳುವ ಧೈರ್ಯ ಬರುತ್ತದೆ. ಎರಡನೆಯದು ಮದುವೆಗೆ ಮುಂಚೆ ಸಂಘದ ಸಾಲ ಇಳಿಸುವುದು. ಹುಡುಗಿ ತಿಂಗಳಿಗೆ 6,000, ಹುಡುಗ ಸೀಸನ್ನಿನಲ್ಲಿ 4,000 ಎತ್ತಿಟ್ಟರೆ ಎಂಟು ತಿಂಗಳಿಗೆ 80,000. ಸಾಲ ಅದರೊಳಗೇ ತೀರಿದರೆ ಜುಲೈ ತಿಂಗಳ ಆ 1,500 ಮತ್ತೆ 8,000 ಆಗುತ್ತದೆ. ಉಳಿದದ್ದು ಮಳೆಗಾಲದ ಗಂಟು. ಅಪ್ಪನ ಹತ್ತಿರ ಕೇಳಬೇಕಾದ ಗಡುವೂ ಇದರಿಂದಲೇ ಸಿಗುತ್ತದೆ: ಒಂದು ರಾಫ್ಟಿಂಗ್ ಸೀಸನ್. ‘ದೀಪಾವಳಿಯಿಂದ ಮುಂದಿನ ಮಳೆಗಾಲದ ತನಕ ಟೈಮ್ ಕೊಡ್ರಿ. ಅಷ್ಟರಾಗ ಈ ಸಾಲ ತೀರದಿದ್ರ ಮತ್ತ ಮಾತಾಡೋಣ’ ಎಂದರೆ ಅದು ಹಟವಾಗಿ ಕೇಳಿಸುವುದಿಲ್ಲ. ಗಡುವಿಗೆ ತೂಕ ಬರುವುದು ಅದರ ಕೊನೆಯಲ್ಲಿ ತೋರಿಸಲು ಪಾಸ್‌ಬುಕ್ ಇದ್ದಾಗ.

ಕಾಗದದ ಮೇಲೆ ಇನ್ನೊಂದು ಸಾಲು ಬರೆಯಲೇಬೇಕು. ದೊಡ್ಡ ಸಂಬಂಧಕ್ಕೆ ತವರು ಮನೆ ತೆರುವ ಬೆಲೆ. ಬಾಯಲ್ಲಿ ‘ನಮಗೇನೂ ಬ್ಯಾಡ’ ಎನ್ನುವ ಬೀಗರು ಚಿನ್ನ, ಛತ್ರ, ಊಟದ ಮಾತು ಬಂದಾಗ ‘ನಿಮ್ಮ ಮರ್ಯಾದಿಗೆ ತಕ್ಕಂಗ ಮಾಡ್ರಿ’ ಎನ್ನುತ್ತಾರೆ. ಅಪ್ಪ 6 ಲಕ್ಷ ಸಾಲ ಮಾಡಿದರೆ, ಶೇ. 12ರ ಬಡ್ಡಿಯಲ್ಲಿ ಐದು ವರ್ಷಕ್ಕೆ ತಿಂಗಳ ಕಂತು 13,300, ಒಟ್ಟು ಕಟ್ಟುವುದು 8 ಲಕ್ಷ. ಕಬ್ಬಿನ ಬಿಲ್ಲು ನಂಬಿ ಬದುಕುವ ಹಳಿಯಾಳದ ರೈತನಿಗೆ ಇದು ಕಿರಿಯ ಮಗಳ ಓದನ್ನು ನುಂಗುವ ಮೊತ್ತ. ಮಗಳ ಭದ್ರತೆಗೆಂದು ಹೊರಟ ಅಪ್ಪ ತನ್ನ ಮುಪ್ಪಿನ ಭದ್ರತೆಯನ್ನೇ ಕಳೆದುಕೊಳ್ಳುವುದು ನನಗೆ ಈ ಇಡೀ ವ್ಯವಹಾರದಲ್ಲಿ ಅತ್ಯಂತ ನೋವಿನ ಸಂಗತಿ. ಕೇಳಿ ಪಡೆದದ್ದು ವರದಕ್ಷಿಣೆ. ಅದಕ್ಕೆ ಕಾನೂನು ಹೇಳುವ ಶಿಕ್ಷೆ ಕನಿಷ್ಠ ಐದು ವರ್ಷ ಜೈಲು, ಮತ್ತು ಕೊಡುವವರ ಮೇಲೂ ಆ ಕಾನೂನು ಬೀಳುತ್ತದೆ. ಮಗಳು ಅಪ್ಪನಿಗೆ ಈ ಸಾಲನ್ನು ಪ್ರೀತಿಯಿಂದಲೇ ತೋರಿಸಬಹುದು.

ಕಾಗದದಲ್ಲಿ ಬರೆಯಲಾಗದ್ದನ್ನು ನಡೆಯಲ್ಲಿ ನೋಡಬೇಕು. ಮೆಚ್ಚಿದವನು ಎಂಬ ಕಾರಣಕ್ಕೆ ಅವನಿಗೆ ರಿಯಾಯಿತಿ ಬೇಡ. ಸಾಲ ಎಷ್ಟು ಎಂದಾಗ ಅವನು ಪಾಸ್‌ಬುಕ್ ತೆಗೆದು ತೋರಿಸುತ್ತಾನೆಯೇ, ಅಥವಾ ‘ನನ್ನ ಮ್ಯಾಲ ನಂಬಿಕಿ ಇಲ್ಲೇನು’ ಎನ್ನುತ್ತಾನೆಯೇ? ನಿಮ್ಮ ಅಪ್ಪನ ಎದುರು ತಾನೇ ಬಂದು ಕೂರುತ್ತಾನೆಯೇ, ಅಥವಾ ಎಲ್ಲ ಜಗಳವನ್ನೂ ನಿಮ್ಮಿಂದಲೇ ಮಾಡಿಸುತ್ತಾನೆಯೇ? ಮದುವೆಯಾದ ಮೇಲೆ ಕೆಲಸಕ್ಕೆ ಹೋಗುವುದು ಅವನ ತಾಯಿಗೆ ಒಪ್ಪಿಗೆಯೇ? ಗಣೇಶಗುಡಿಯ ಲೆಕ್ಕವಂತೂ ನಿಂತಿರುವುದು ಹುಡುಗಿಯ ದುಡಿಮೆಯ ಮೇಲೆ. ಅದನ್ನು ಒಪ್ಪದ ಮನೆ ಯಾವುದಾದರೂ, ಹುಬ್ಬಳ್ಳಿಯದಾಗಲಿ ಜೋಯಿಡಾದ್ದಾಗಲಿ, ಲೆಕ್ಕ ಮತ್ತೆ ಮೊದಲಿಂದ. ಫೋನ್ ಪರೀಕ್ಷಿಸುವ, ಸಿಟ್ಟಿಗೆ ಕೈ ಎತ್ತುವ, ‘ಬಿಟ್ರ ಸಾಯ್ತೀನಿ’ ಎಂದು ಹೆದರಿಸುವ ಹುಡುಗನಾದರೆ ಅಪ್ಪ-ಅವ್ವನ ವಿರೋಧದ ಹಿಂದೆ ಕಾರಣವಿದೆ ಎಂದೇ ತಿಳಿಯಬೇಕು.

ಮಾತು ಯಾರ ಮೂಲಕ

ಅಪ್ಪನ ಹತ್ತಿರ ನೇರ ಮಾತು ಆಗದ ಮನೆಗಳಲ್ಲಿ ಅಪ್ಪ ಕಿವಿಗೊಡುವ ಒಬ್ಬರು ಇದ್ದೇ ಇರುತ್ತಾರೆ. ಸೋದರಮಾವ, ದೊಡ್ಡಪ್ಪ, ನಿವೃತ್ತ ಮಾಸ್ತರರು. ಅವರ ಹತ್ತಿರ ಹೋಗುವಾಗ ಲೆಕ್ಕದ ಕಾಗದ ಕೈಯಲ್ಲಿರಲಿ. ‘ನೀವು ಒಪ್ಪಿಸ್ರಿ’ ಎಂದು ಕೇಳಿದರೆ ಅವರು ನಿಮ್ಮ ಪಕ್ಷದವರಾಗಿಬಿಡುತ್ತಾರೆ, ಅಪ್ಪ ಬಾಗಿಲು ಮುಚ್ಚುತ್ತಾರೆ. ‘ಆ ಹುಡುಗನ ಮನಿಗೆ ಒಂದು ಸಲ ಹೋಗಿ ನೋಡಿ ಬರ್ರಿ’ ಎಂದು ಕೇಳಿದರೆ ಅವರು ಕಂಡದ್ದನ್ನು ಹೇಳುವ ಸಾಕ್ಷಿಯಾಗುತ್ತಾರೆ. ಜಾತಿ ಬೇರೆಯಿದ್ದಲ್ಲಿ ‘ಸೆಟಲ್ ಆಗಿಲ್ಲ’ ಎಂಬುದು ಹಲವು ಸಲ ಜಾತಿಯ ಮಾತಿಗೆ ಹಾಕಿದ ಹೊದಿಕೆ. ಸಾಲ ತೀರಿತು, ಗಡುವು ಮುಗಿಯಿತು, ಆಗಲೂ ಹೊಸ ಕಾರಣ ಹುಟ್ಟುತ್ತಿದೆ ಎಂದರೆ ತಡೆ ದುಡ್ಡಿನದಲ್ಲ ಎಂದು ಗುರುತಿಸಿ. ಅಲ್ಲಿಂದ ಮುಂದೆ ಲೆಕ್ಕದ ಕಾಗದ ಸಹಾಯಕ್ಕೆ ಬಾರದು.

ಗಡುವು ಕೇಳಿದ ಅವಧಿಯಲ್ಲಿ ಇನ್ನೊಂದು ಎಚ್ಚರ. ಹುಡುಗಿ ನೋಡುವ ಶಾಸ್ತ್ರಕ್ಕೆ ‘ಸುಮ್ಮನೆ ಕೂತ್ಕೊ, ಆಮ್ಯಾಲ ಬ್ಯಾಡ ಅನ್ನೋಣ’ ಎಂಬ ಮಾತಿಗೆ ಒಪ್ಪಿದರೆ ಆ ಮೌನವನ್ನೇ ಒಪ್ಪಿಗೆ ಎಂದು ಎರಡೂ ಮನೆಯವರು ಎಣಿಸುತ್ತಾರೆ. ಬೇಡ ಎನ್ನುವುದು ಅಲ್ಲಿ ಕೂರುವುದಕ್ಕಿಂತ ಮುಂಚೆಯೇ ಆಗಬೇಕು.

ಒತ್ತಾಯ ಬಲಾತ್ಕಾರವಾದಾಗ

ಹೇಳಿ, ಅತ್ತು, ಮಾತು ಬಿಟ್ಟು ಒತ್ತಾಯಿಸುವುದು ಬೇರೆ. ಫೋನ್ ಕಿತ್ತುಕೊಂಡು, ಕೆಲಸ ಬಿಡಿಸಿ, ಕೋಣೆಯಲ್ಲಿ ಕೂಡಿಹಾಕಿ, ಹೊಡೆದು ಒಪ್ಪಿಸುವುದು ಬೇರೆ. ಎರಡನೆಯದು ಅಪರಾಧ. ಬಲವಂತದಿಂದ ಪಡೆದ ಒಪ್ಪಿಗೆಯ ಮದುವೆಯನ್ನು ಹಿಂದೂ ವಿವಾಹ ಕಾಯ್ದೆಯಡಿ ರದ್ದುಪಡಿಸಿಕೊಳ್ಳಬಹುದು, ಆದರೆ ಬಲವಂತ ನಿಂತ ಒಂದು ವರ್ಷದೊಳಗೆ ಕೋರ್ಟಿಗೆ ಹೋಗಬೇಕು. ಅಪಾಯ ಇದೆ ಎನಿಸಿದರೆ 112, ಮಹಿಳೆಯರಿಗೆ 181. ಉಚಿತ ವಕೀಲರನ್ನು ಕೊಡಿಸುವ ಕಾನೂನು ಸೇವಾ ಸಮಿತಿಗೆ ಹೆಣ್ಣುಮಕ್ಕಳ ಆದಾಯದ ಮಿತಿಯಿಲ್ಲ. ತಾಲ್ಲೂಕಿನ ಕೋರ್ಟಿನಲ್ಲಿ ವಿಚಾರಿಸಬಹುದು, 15100ಕ್ಕೆ ಕರೆ ಮಾಡಬಹುದು. ಹದಿನೆಂಟು ತುಂಬದ ಹುಡುಗಿಗೆ ಈ ಲೇಖನದ ಯಾವ ದಾರಿಯೂ ಅನ್ವಯಿಸುವುದಿಲ್ಲ. ಅವಳ ಮದುವೆ ಯಾರೊಂದಿಗೂ ಆಗಬಾರದು, ಅವಳಿಗಾಗಿ 1098 ಇದೆ.

ಮನೆ ಬಿಟ್ಟು ಹೋಗಿ ಮದುವೆಯಾದವರಿಗೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಪಕ್ಕದ ಬೆಳಗಾವಿ ಜಿಲ್ಲೆಯದೇ ಒಂದು ಪ್ರಕರಣ ದೇಶಕ್ಕೆ ದಾರಿ ತೋರಿಸಿದೆ. 2020ರ ಅಕ್ಟೋಬರಿನಲ್ಲಿ ಮುರಗೋಡ ಠಾಣೆಯಲ್ಲಿ ಒಬ್ಬ ತಂದೆ ಮಗಳು ಕಾಣೆಯಾಗಿದ್ದಾಳೆ ಎಂದು ದೂರು ಕೊಟ್ಟರು. ಮಗಳು ಓದಿದವಳು. ಹುಬ್ಬಳ್ಳಿಯಿಂದ ವಿಮಾನ ಹತ್ತಿ ಬೆಂಗಳೂರು ಮಾರ್ಗವಾಗಿ ದೆಹಲಿಗೆ ಹೋಗಿ, ಮೆಚ್ಚಿದ ಅಧ್ಯಾಪಕನನ್ನು ಮದುವೆಯಾಗಿದ್ದಳು. ಮದುವೆ ಪ್ರಮಾಣಪತ್ರವನ್ನು ತಂದೆ-ತಾಯಿಗೆ ವಾಟ್ಸಾಪ್‌ನಲ್ಲಿ ಕಳಿಸಿದ್ದಳು. ಆದರೂ ತನಿಖಾಧಿಕಾರಿ ಠಾಣೆಗೇ ಬಂದು ಹೇಳಿಕೆ ಕೊಡಬೇಕು, ಬರದಿದ್ದರೆ ಗಂಡನ ಮೇಲೆ ಅಪಹರಣದ ಕೇಸು ಎಂದರು. ದಂಪತಿ ಸುಪ್ರೀಂ ಕೋರ್ಟಿಗೆ ಹೋದರು. 2021ರ ಫೆಬ್ರುವರಿ 8ರಂದು ನ್ಯಾಯಮೂರ್ತಿ ಸಂಜಯ್ ಕಿಶನ್ ಕೌಲ್ ಮತ್ತು ಹೃಷಿಕೇಶ್ ರಾಯ್ ಆ ಎಫ್‌ಐಆರ್ ರದ್ದು ಮಾಡಿದರು. ವಯಸ್ಕರಿಬ್ಬರು ಒಪ್ಪಿದ ಮೇಲೆ ಕುಟುಂಬದ, ಸಮುದಾಯದ ಸಮ್ಮತಿ ಬೇಕಿಲ್ಲ ಎಂದರು. ಇಂಥ ಪ್ರಕರಣ ನಿಭಾಯಿಸುವ ಬಗ್ಗೆ ಎಂಟು ವಾರಗಳಲ್ಲಿ ಮಾರ್ಗಸೂಚಿ, ತರಬೇತಿ ರೂಪಿಸಲು ಪೊಲೀಸರಿಗೆ ಹೇಳಿದರು. ‘ಲಕ್ಷ್ಮೀಬಾಯಿ ಚಂದರಗಿ ಪ್ರಕರಣ’ ಎಂದರೆ ವಕೀಲರಿಗೆ ಗೊತ್ತಾಗುತ್ತದೆ.

ನಮ್ಮ ಓದುಗರು ಇದರಿಂದ ತೆಗೆದುಕೊಳ್ಳಬೇಕಾದದ್ದು ನಡೆಯ ಕ್ರಮ. ಹೊರಡುವವರು ಗುಟ್ಟಾಗಿ ಮಾಯವಾಗಬಾರದು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಆಧಾರ್ ಕೈಯಲ್ಲಿರಲಿ. ಇರುವ ಊರಿನ ಠಾಣೆಯಲ್ಲಿ ಸ್ವಂತ ಇಚ್ಛೆಯಿಂದ ಬಂದಿದ್ದೇನೆ ಎಂದು ಬರೆದುಕೊಟ್ಟು ಸ್ವೀಕೃತಿ ಪಡೆಯಲಿ, ಮನೆಯ ಠಾಣೆಗೂ ಅದರ ಪ್ರತಿ ಹೋಗಲಿ. ಮನೆಯ ಚಿನ್ನ, ಹಣ ಮುಟ್ಟಬೇಡಿ. ತನ್ನದೇ ಸಂಬಳದಿಂದ ಕೊಂಡ ಸರವಾದರೂ ರಸೀದಿ ಇಲ್ಲದಿದ್ದರೆ ಬಿಟ್ಟು ಹೋಗುವುದು ವಾಸಿ, ಕಳವಿನ ದೂರಿಗೆ ಅದೇ ಎಡೆಯಾಗುತ್ತದೆ.

ಮದುವೆಗೆ ಎರಡು ದಾರಿ. ಇಬ್ಬರೂ ಹಿಂದೂಗಳಾದರೆ ಶಾಸ್ತ್ರದಂತೆ ಮದುವೆಯಾಗಿ ನಂತರ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಬಹುದು. ಶಾಸ್ತ್ರವೇ ನಡೆಯದೆ ಬರೀ ಪ್ರಮಾಣಪತ್ರ ತಂದರೆ ಅದು ಹಿಂದೂ ವಿವಾಹವಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2024ರಲ್ಲಿ ಹೇಳಿದೆ. ಹಾಗಾಗಿ ಮಂಗಳಸೂತ್ರ, ಸಪ್ತಪದಿಯ ಫೋಟೋ, ಸಾಕ್ಷಿಗಳು ಇರಲಿ. ಧರ್ಮ ಬೇರೆಯಾದರೆ 1954ರ ವಿಶೇಷ ವಿವಾಹ ಕಾಯ್ದೆ. ಇಬ್ಬರಲ್ಲಿ ಒಬ್ಬರು ಆ ಜಿಲ್ಲೆಯಲ್ಲಿ ಕನಿಷ್ಠ 30 ದಿನ ವಾಸವಿದ್ದು ನೋಟಿಸ್ ಕೊಡಬೇಕು, ಅದು 30 ದಿನ ಕಚೇರಿಯ ಫಲಕದಲ್ಲಿರುತ್ತದೆ, ನೋಟಿಸ್ ಕೊಟ್ಟ ಮೂರು ತಿಂಗಳೊಳಗೆ ಮೂವರು ಸಾಕ್ಷಿಗಳ ಮುಂದೆ ಮದುವೆಯಾಗಬೇಕು. ಹಳಿಯಾಳದಂಥ ಊರಲ್ಲಿ ಆ ಫಲಕದ ಸುದ್ದಿ ಸಂಜೆಯೊಳಗೆ ಮನೆ ಮುಟ್ಟುತ್ತದೆ ಎಂದು ತಿಳಿದೇ ಹೆಜ್ಜೆ ಇಡಿ. ಆದರೆ ‘ನಮಗ ಇಷ್ಟ ಇಲ್ಲ’ ಎಂಬುದು ಕಾನೂನು ಒಪ್ಪುವ ಆಕ್ಷೇಪಣೆಯಲ್ಲ. ವಯಸ್ಸು, ಮೊದಲೇ ಮದುವೆಯಾಗಿರುವುದು, ನಿಷಿದ್ಧ ಸಂಬಂಧ, ಒಪ್ಪಿಗೆ ಕೊಡುವ ಮನಃಸ್ಥಿತಿ ಇಲ್ಲದಿರುವುದು ಇಷ್ಟೇ.

‘ಆಸ್ತ್ಯಾಗ ಒಂದು ಗುಂಟೆ ಸಿಗಂಗಿಲ್ಲ’ ಎಂಬ ಬೆದರಿಕೆಯಲ್ಲಿ ಅರ್ಧ ನಿಜ. ಅಪ್ಪನ ಸ್ವಯಾರ್ಜಿತವನ್ನು ಅವರು ಯಾರಿಗಾದರೂ ಬರೆಯಬಹುದು. ಹಿಂದೂ ಕುಟುಂಬದ ಪಿತ್ರಾರ್ಜಿತದಲ್ಲಿ 2005ರ ತಿದ್ದುಪಡಿಯಿಂದ ಮಗಳಿಗೆ ಮಗನಷ್ಟೇ ಪಾಲಿದೆ, ಯಾರನ್ನು ಮದುವೆಯಾದಳು ಎಂಬುದರಿಂದ ಅದು ಹೋಗುವುದಿಲ್ಲ. ಹೋಗುವುದು ತಾನೇ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿದರೆ. ‘ಸಹಿ ಹಾಕು, ಹೋಗು’ ಎಂದು ಜಗಳದ ದಿನ ಮುಂದಿಟ್ಟ ಕಾಗದವನ್ನು ವಕೀಲರಿಗೆ ತೋರಿಸದೆ ಮುಟ್ಟಬೇಡಿ.

ಲೆಕ್ಕ ಮಾಡಿ, ನಡೆ ನೋಡಿ, ಕೊನೆಗೆ ಹುಬ್ಬಳ್ಳಿಯ ಹುಡುಗನೇ ಸರಿ ಎನಿಸುವುದೂ ಉಂಟು. ಬೆದರಿಕೆಯಿಲ್ಲದೆ ಹಾಗೆನಿಸಿದರೆ ಅದೂ ಹುಡುಗಿಯದೇ ಆಯ್ಕೆ, ಅದಕ್ಕೆ ಯಾರ ಮುಂದೂ ತಲೆತಗ್ಗಿಸಬೇಕಿಲ್ಲ. ಗಣೇಶಗುಡಿಯ ಹುಡುಗನಿಗೆ ಅದನ್ನು ನಿಶ್ಚಿತಾರ್ಥಕ್ಕೆ ಮುಂಚೆ, ತಾನೇ ಹೇಳಬೇಕು. ಮತ್ತು ಮನಸ್ಸು ಇನ್ನೂ ಜೋಯಿಡಾದಲ್ಲೇ ಇದ್ದು, ಮನೆಯಲ್ಲಿ ಯಾರೂ ಕೇಳದೆ ದಿನ ಗೊತ್ತು ಮಾಡುತ್ತಿದ್ದರೆ, ನೇರ ಮಾತಾಡಬೇಕಾದ ಇನ್ನೊಬ್ಬರಿದ್ದಾರೆ, ಎಲ್ಲರೂ ಮರೆಯುವ ಆ ಹುಬ್ಬಳ್ಳಿಯ ಹುಡುಗ. ಅವನ ನಂಬರ್ ಹೇಗೂ ಕೊಟ್ಟಿರುತ್ತಾರೆ. ‘ನನಗ ಈ ಮದುವಿಗೆ ಮನಸ್ಸಿಲ್ಲರಿ, ನಮ್ಮ ಮನ್ಯಾಗ ಕೇಳವಲ್ರು, ನೀವು ಮುಂದುವರಿಬ್ಯಾಡ್ರಿ’ ಎಂದು ಬರೆದ ಮೂರು ಸಾಲಿನ ಮೆಸೇಜು ಸಾಕು. ಎಷ್ಟೋ ಹುಡುಗರು ಹುಡುಗಿಯ ಹೆಸರು ಹೇಳದೆ, ಜಾತಕ ಕೂಡಲಿಲ್ಲ ಎಂದು ತಮ್ಮ ಕಡೆಯಿಂದಲೇ ಸಂಬಂಧ ಬಿಡುತ್ತಾರೆ. ಅವನು ಬಿಡದಿದ್ದರೂ ಆ ಮೆಸೇಜನ್ನು ಅಳಿಸಬೇಡಿ, ಒಪ್ಪಿಗೆ ಇರಲಿಲ್ಲ ಎಂಬುದಕ್ಕೆ ತಾರೀಖು ಸಹಿತ ದಾಖಲೆ ಅದು.